ಗೆರೆ ಗೆರೆಯಾಗೇ ಉಳಿಯಬೇಕು, ಮಾವ ಕಣ್ಣೂ ಮಿಟುಕಿಸಬೇಕು

ಮಾವನ ನಿವೃತ್ತಿ ಸಮಾರಂಭಕ್ಕೆ ಅವರದೊಂದು ಚಿತ್ರ ಬರೆದಿದ್ದೆ. ನಿಬ್ಬಿನ ಪೆನ್ನು, ಕಪ್ಪು ಶಾಯಿ, ಮೇಲೆ ತೆಳುವಾಗಿ ಎರಡು ಬಣ್ಣದ ಜಲವರ್ಣ. ದಪ್ಪ ಮೀಸೆ, ಅಗಲ ಫ್ರೇಮಿನ ಕನ್ನಡಕ, ಕೆನ್ನೆ ಕೆಳಗೆ ಒತ್ತಾಗಿ ಹಾಕಿದ ಓರೆಗೆರೆಗಳು. ಹಾಲ್‌ನಲ್ಲಿ ದೊಡ್ಡ ಟಿ.ವಿ. ಇಡ್ತಾರೆ ಅಂತ ಗೊತ್ತಾದಾಗ, ಈ ಚಿತ್ರ ಒಂಚೂರು ಉಸಿರಾಡುವ ಹಾಗಿದ್ದರೆ ಚೆನ್ನ ಅನ್ನಿಸಿತು. ತಲೆ ಸ್ವಲ್ಪ ತಿರುಗಬೇಕು, ಕಣ್ಣು ಮಿಟುಕಬೇಕು, ಅಷ್ಟೇ. ಆರು ಸೆಕೆಂಡಿನದು ಮಾಡಿದರೆ ಸಾಕು, ಅದೇ ಸುತ್ತಿ ಸುತ್ತಿ ಓಡುತ್ತಿರುತ್ತದೆ.

ಇದಕ್ಕೆ ಸುಲಭದ ದಾರಿ ಒಂದಿದೆ. ಸ್ಕ್ಯಾನ್ ಮಾಡಿದ ಚಿತ್ರವನ್ನೇ ಕಂಪ್ಯೂಟರಿನಲ್ಲಿ ಎಳೆದು ಬಗ್ಗಿಸಿ ತಲೆ ತಿರುಗಿಸುವುದು. ಬಣ್ಣ ತುಂಬಿದ ನುಣುಪಾದ ಚಿತ್ರಕ್ಕೆ ಅದು ಸಾಕು. ಪೆನ್ನಿನ ಚಿತ್ರಕ್ಕೆ ಆಗಲ್ಲ. ಒಂದು ಕಡೆ ಗೆರೆ ದಪ್ಪವಾಗುತ್ತದೆ, ಇನ್ನೊಂದು ಕಡೆ ಸಣ್ಣ. ಕೆನ್ನೆಯ ಓರೆಗೆರೆಗಳು ಜಗ್ಗಿದ ಬನಿಯನ್ ಮೇಲಿನ ಅಕ್ಷರದ ಹಾಗೆ ಹಿಗ್ಗುತ್ತವೆ. ಎಲ್ಲಕ್ಕಿಂತ ಕೆಟ್ಟದ್ದು ಕಾಗದ: ಅದರ ತರಿತರಿಯೂ ಮುಖದ ಜೊತೆಗೇ ಜಾರುತ್ತದೆ. ನಿಮ್ಮ ಚಿತ್ರದಲ್ಲಿ ಹೀಗಾಗ್ತಿದೆಯಾ ಅಂತ ನೋಡಬೇಕಾದರೆ ವೇಗ ಕಾಲುಭಾಗಕ್ಕೆ ಇಳಿಸಿ, ಕಣ್ಣು ಮೂಗು ಬಿಟ್ಟು ಬರೀ ಕೆನ್ನೆ ನೋಡಿ. ತಕ್ಷಣ ಗೊತ್ತಾಗುತ್ತದೆ.

ಹಾಗಾಗಿ ಕಾಗದ, ಜಲವರ್ಣ, ಗೆರೆ ಮೂರನ್ನೂ ಬೇರೆ ಮಾಡಿಕೊಂಡೆ. ಕಾಗದ ಅಲುಗಾಡಲೇಬಾರದು. ಖಾಲಿ ಹಾಳೆಯನ್ನು ಸ್ಕ್ಯಾನ್ ಮಾಡಿ ಎಲ್ಲದರ ಮೇಲೆ Multiply ಲೇಯರ್ ಆಗಿ ಹಾಕಿ ಬೀಗ ಹಾಕಿಬಿಟ್ಟೆ. ಜಲವರ್ಣವನ್ನು ಎಳೆದು ಬಗ್ಗಿಸಬಹುದು. ಅದರಲ್ಲಿ ಗೆರೆ ಇಲ್ಲ, ಹತ್ತು ಪಿಕ್ಸೆಲ್ ಹಿಗ್ಗಿದರೆ ಯಾರಿಗೂ ಕಾಣಲ್ಲ. ಗೆರೆಯನ್ನು ಮಾತ್ರ ಪ್ರತಿ ಭಂಗಿಗೂ ಕೈಯಲ್ಲೇ ಹೊಸದಾಗಿ ಬರೆಯಬೇಕು.

ಬರೆಯೋಕೆ ಅಳತೆ ಬೇಕಲ್ವಾ? ಅಲ್ಲಿ ಕಂಪ್ಯೂಟರ್ ಸಹಾಯಕ್ಕೆ ಬರುತ್ತದೆ. ನಾನು Krita ಬಳಸುತ್ತೇನೆ, ಉಚಿತ. ಅದರ Transform ಸಲಕರಣೆಯ Liquify ವಿಧಾನದಲ್ಲಿ ಗೆರೆಚಿತ್ರದ ಒಂದು ಪ್ರತಿಯನ್ನು ಬೇಕಾದ ಭಂಗಿಗೆ ತಳ್ಳಿದೆ. ಅದನ್ನು ತಿಳಿ ನೀಲಿ ಬಣ್ಣದಲ್ಲಿ, ಮೊದಲು ಬಳಸಿದ ಅದೇ ಜಾತಿಯ ಹಾಳೆ ಮೇಲೆ ಪ್ರಿಂಟ್ ಹಾಕಿದೆ. ನಾಲ್ಕು ಮೂಲೆಗೂ ಒಂದೊಂದು ಕೂಡು ಗುರುತು. ಆ ನೀಲಿ ಮೇಲೆ ಅದೇ ನಿಬ್ಬು, ಅದೇ ಶಾಯಿಯಲ್ಲಿ ಬರೆದು ಸ್ಕ್ಯಾನ್ ಮಾಡಿದೆ. ಸ್ಕ್ಯಾನಿನಲ್ಲಿ ನೀಲಿ ಚಾನೆಲ್ ಒಂದನ್ನೇ ಉಳಿಸಿಕೊಂಡರೆ ತಿಳಿ ನೀಲಿ ಬಿಳಿಯಾಗಿ ಮಾಯವಾಗುತ್ತದೆ, ಶಾಯಿ ಕಪ್ಪಾಗೇ ನಿಲ್ಲುತ್ತದೆ. ಮೂಲೆಯ ಗುರುತು ಹೊಂದಿಸಿದರೆ ಹಾಳೆಗಳು ಒಂದರ ಮೇಲೊಂದು ಸರಿಯಾಗಿ ಕೂರುತ್ತವೆ. ಟ್ಯಾಬ್ಲೆಟ್‌ನಲ್ಲೇ ಬರೆಯಬಹುದಿತ್ತು ನಿಜ. ಆದರೆ ಒಂದು ಭಂಗಿ ಶಾಯಿಯದು, ಮುಂದಿನದು ಟ್ಯಾಬ್ಲೆಟ್‌ನದು ಆದರೆ ಬದಲಾಗುವ ಕ್ಷಣ ಕಣ್ಣಿಗೆ ಹೊಡೆಯುತ್ತದೆ. ಒಂದು ಹಿಡಿದರೆ ಎಲ್ಲವೂ ಅದೇ ಆಗಬೇಕು.

ತಲೆ ತಿರುಗುವುದಕ್ಕೆ ಐದು ಭಂಗಿ ಸಾಕಾಯಿತು. 1080 ಪಿಕ್ಸೆಲ್ ಅಗಲದ ಚೌಕದಲ್ಲಿ ಮೂಗಿನ ತುದಿ ಒಟ್ಟು 16 ಪಿಕ್ಸೆಲ್ ಸರಿಯುತ್ತದೆ, ಕನ್ನಡಕದ ನಡುಭಾಗ 13, ಕಣ್ಣು 10, ಕಿವಿ ಎರಡೇ ಎರಡು. ಮುಂದೆ ಚಾಚಿಕೊಂಡದ್ದು ಜಾಸ್ತಿ ಸರಿಯಬೇಕು, ಕತ್ತಿನ ನೇರಕ್ಕೆ ಇರುವುದು ಹೆಚ್ಚುಕಡಿಮೆ ಅಲ್ಲೇ ಇರಬೇಕು. ತಲೆಯ ಹೊರಗೆರೆ ಪೂರ್ತಿ ಪಕ್ಕಕ್ಕೆ ಸರಿದರೆ ಅದು ತಿರುಗಿದ್ದಲ್ಲ, ಕತ್ತರಿಸಿದ ರಟ್ಟನ್ನು ತಳ್ಳಿದ್ದು. ದೂರದ ಕಡೆಯ ಕನ್ನಡಕದ ಗಾಜು ಸ್ವಲ್ಪ ಕಿರಿದಾಗಬೇಕು. ಮಧ್ಯದ ಭಂಗಿಯಲ್ಲಿ ತಲೆ ನಾಲ್ಕು ಪಿಕ್ಸೆಲ್ ಕೆಳಗಿಳಿಯುತ್ತದೆ, ಯಾಕಂದರೆ ಯಾರ ತಲೆಯೂ ಅಳತೆಪಟ್ಟಿ ಹಿಡಿದು ನೇರಗೆರೆಯಲ್ಲಿ ತಿರುಗಲ್ಲ. ಭಂಗಿಗಳ ನಡುವಿನ ದೂರವೂ ಒಂದೇ ಅಲ್ಲ: ಮೂಗಿನ ಲೆಕ್ಕದಲ್ಲಿ, ಹೊರಟ ಜಾಗದಿಂದ 3, 8, 13, 16. ಹೊರಡುವಾಗ, ನಿಲ್ಲುವಾಗ ಹತ್ತಿರ ಹತ್ತಿರ, ನಡುವೆ ದೂರ.

ಸೆಕೆಂಡಿಗೆ 24 ಫ್ರೇಮ್ ಇಟ್ಟು, ತಿರುಗುವಾಗ ಪ್ರತಿ ಚಿತ್ರವನ್ನೂ ಎರಡು ಫ್ರೇಮ್ ನಿಲ್ಲಿಸಿದೆ. ಕೈಬರಹದ ಅನಿಮೇಷನ್ನಿನಲ್ಲಿ ಇದು ಹಳೇ ರೂಢಿ. ಮಧ್ಯೆ ಇನ್ನಷ್ಟು ಚಿತ್ರ ತುರುಕಿ ನುಣುಪು ಮಾಡಲು ಹೋದರೆ ಬರೆದದ್ದು ಎಂಬ ಭಾವನೆಯೇ ಹೋಗುತ್ತದೆ.

ಇನ್ನು ಕಣ್ಣು. ಇಲ್ಲಿ ಎಲ್ಲರ ಕೈಯೂ ಕಣ್ಣನ್ನು ಮೇಲಿಂದ ಕೆಳಕ್ಕೆ ಚಪ್ಪಟೆ ಮಾಡಲು ಹೋಗುತ್ತದೆ. ಆಗ ಪಾಪೆ ಮೊಟ್ಟೆಯಾಕಾರ ಆಗಿಬಿಡುತ್ತದೆ. ನಿಜಕ್ಕೂ ಪಾಪೆ ಅಲ್ಲೇ ಇರುತ್ತದೆ, ಮೇಲ್ರೆಪ್ಪೆ ಬಂದು ಮುಚ್ಚುತ್ತದೆ. ತೆರೆದಾಗ ಮೇಲಕ್ಕೆ ಬಾಗಿದ ಆ ಗೆರೆ ಅರ್ಧಕ್ಕೆ ಬಂದಾಗ ಹೆಚ್ಚುಕಡಿಮೆ ನೇರವಾಗುತ್ತದೆ, ಪೂರ್ತಿ ಮುಚ್ಚಿದಾಗ ಕೆಳಕ್ಕೆ ಬಾಗುತ್ತದೆ. ಅದು ನಿಲ್ಲುವುದು ಕಣ್ಣಿನ ನಡುವೆ ಅಲ್ಲ, ಕೆಳರೆಪ್ಪೆಯ ಹತ್ತಿರ. ಕೆಳರೆಪ್ಪೆ ಒಂದೆರಡು ಪಿಕ್ಸೆಲ್ ಮೇಲೆ ಬಂದರೆ ಸಾಕು. ಕಣ್ಣಿನ ಮೇಲಿನ ಮಡಿಕೆಯ ಗೆರೆಯನ್ನು ಮುಚ್ಚಿದ ಚಿತ್ರದಲ್ಲಿ ಬಿಟ್ಟುಬಿಡಿ. ರೆಪ್ಪೆಯ ಮೇಲೆ ಚರ್ಮದ ಬಣ್ಣ ಹಾಕಿ, ಎರಡು ಓರೆಗೆರೆ ಎಳೆಯಿರಿ. ಇಲ್ಲದಿದ್ದರೆ ಮುಚ್ಚಿದ ಕಣ್ಣು ಬೋಳಾಗಿ ಕಾಣುತ್ತದೆ. ಕನ್ನಡಕದ ಗಾಜಿನ ಮೇಲಿನ ಬಿಳಿ ಹೊಳಪು ಕಣ್ಣು ಮುಚ್ಚಿದರೂ ಅಲ್ಲೇ ಇರಬೇಕು.

ಮುಚ್ಚುವುದು ಬೇಗ, ತೆರೆಯುವುದು ನಿಧಾನ. ಅರ್ಧ, ಪೂರ್ತಿ, ಅರ್ಧ, ಮುಕ್ಕಾಲು: ನಾಲ್ಕು ಚಿತ್ರ, ತಲಾ ಎರಡು ಫ್ರೇಮ್, ಒಟ್ಟು ಸೆಕೆಂಡಿನ ಮೂರನೇ ಒಂದು ಭಾಗ. ಪ್ರತಿಯೊಂದನ್ನೂ ನಾಲ್ಕು ಫ್ರೇಮ್ ನಿಲ್ಲಿಸಿ ಅತ್ತೆಗೆ ತೋರಿಸಿ ನೋಡಿದೆ. “ಇದು ನಿದ್ದೆ ಬಂದೋರ ಕಣ್ಣು ಕಣೋ, ನಿಮ್ಮ ಮಾವ ಆಫೀಸಿನಲ್ಲೂ ಹೀಗೇ ಕೂತಿದ್ರು ಅಂದ್ಕೋತಾರೆ ಜನ” ಅಂದರು. ಎರಡೇ ಗಟ್ಟಿಯಾಯಿತು.

ಮೊದಲನೇ ಮಿಟುಕನ್ನು ತಲೆ ತಿರುಗುವ ಹೊತ್ತಿಗೇ ಇಟ್ಟೆ. 36ನೇ ಫ್ರೇಮಿಗೆ ತಲೆ ಹೊರಡುತ್ತದೆ, ಕಣ್ಣು ಅರ್ಧ ಮುಚ್ಚುತ್ತದೆ. 38ಕ್ಕೆ ಪೂರ್ತಿ ಮುಚ್ಚಿರುತ್ತದೆ. ತೆರೆಯುವಷ್ಟರಲ್ಲಿ ಪಾಪೆ ಹೊಸ ಜಾಗದಲ್ಲಿರುತ್ತದೆ. ಮನುಷ್ಯರೂ ನೋಟ ಬದಲಿಸುವಾಗ ಹೀಗೆ ಮಿಟುಕಿಸುತ್ತಾರೆ, ನನಗೂ ಮಧ್ಯದ ಭಂಗಿಯಲ್ಲಿ ಪಾಪೆ ಬರೆಯುವ ಕಷ್ಟ ತಪ್ಪಿತು. ವಾಪಸ್ ಬರುವಾಗ ಮಿಟುಕಿಲ್ಲ, ಆದ್ದರಿಂದ ಪಾಪೆ ತಲೆಗಿಂತ ಮೂರು ಫ್ರೇಮ್ ಮೊದಲೇ ಹೊರಡುತ್ತದೆ. ಎರಡನೇ ಮಿಟುಕು 84ನೇ ಫ್ರೇಮಿಗೆ, ತಲೆ ಸುಮ್ನೆ ನಿಂತಿರುವಾಗ. 144 ಫ್ರೇಮಿನಲ್ಲಿ ಎರಡನ್ನೂ ಸಮ ಅಂತರದಲ್ಲಿ ಇಟ್ಟರೆ ಎರಡನೇ ಸುತ್ತಿಗೇ ಗಡಿಯಾರದ ತರ ಕಾಣುತ್ತದೆ.

ತಲೆ ನಿಂತಾಗ ಒಂದೇ ಚಿತ್ರ ಹಾಗೇ ಇದ್ದರೆ ಸತ್ತಂತೆ ಕಾಣುತ್ತದೆ. ಅದಕ್ಕೆ ಎರಡು ನಿಲುಗಡೆ ಭಂಗಿಗಳನ್ನೂ ಮೂರು ಮೂರು ಸಲ ಬರೆದೆ. ಒಂದೊಂದು ನಾಲ್ಕು ಫ್ರೇಮ್‌ನಂತೆ ಸುತ್ತಿಸಿದರೆ ಗೆರೆ ಸಣ್ಣಗೆ ನಡುಗುತ್ತಾ ಕುದಿಯುತ್ತದೆ. ಮುಖದ ಹೊರಗೆರೆ, ಕನ್ನಡಕ ಎಲ್ಲವೂ ಕುದಿಯಲು ಶುರುವಾದರೆ ನೋಡುವವರಿಗೆ ತಲೆನೋವು. ನಾನು ಓರೆಗೆರೆ, ಮೀಸೆ ಇವೆರಡನ್ನೇ ಕುದಿಸಿದೆ, ಉಳಿದದ್ದು ಮೊದಲ ಹಾಳೆಯದ್ದೇ. ಮೀಸೆಯ ತುದಿ ತಲೆ ನಿಂತ ಮೇಲೆ ಎರಡು ಫ್ರೇಮ್ ತಡವಾಗಿ ನಿಲ್ಲುತ್ತದೆ. ನನಗಂತೂ ಇಡೀ ಕೆಲಸದಲ್ಲಿ ಅತಿ ಇಷ್ಟವಾದ ಎರಡು ಫ್ರೇಮ್ ಅವು.

ಕೊನೆಗೆ ವಿಡಿಯೊ ಮಾಡುವಾಗ ಕಾಗದದ ತರಿಯನ್ನು ಕಂಪ್ರೆಷನ್ ತಿಂದುಹಾಕುತ್ತದೆ. Krita ಇಂದ PNG ಫ್ರೇಮ್‌ಗಳಾಗಿ ತೆಗೆದು ಹೀಗೆ ಜೋಡಿಸಿದೆ:

```
ffmpeg -framerate 24 -i mava%04d.png -c:v libx264 -crf 16 -tune grain -pix_fmt yuv420p mava.mp4
```

ಫೈಲ್ ದೊಡ್ಡದಾಗುತ್ತದೆ, ಆಗಲಿ. ವಾಟ್ಸಾಪ್‌ನಲ್ಲಿ ಕಳಿಸುವುದಾದರೆ ವಿಡಿಯೊ ಆಗಿ ಬೇಡ, ಡಾಕ್ಯುಮೆಂಟ್ ಆಗಿ ಕಳಿಸಿ. ಇಲ್ಲದಿದ್ದರೆ ಅದು ಮತ್ತೊಮ್ಮೆ ಹಿಂಡಿ, ಓರೆಗೆರೆಗಳನ್ನೆಲ್ಲ ಬೂದು ಮಚ್ಚೆ ಮಾಡಿಬಿಡುತ್ತದೆ.