ಆಕ್ಸಿಮೀಟರ್ ಅಂಕಿ ನಂಬುವ ಮುನ್ನ ನಾಡಿ ಎಣಿಸಿ

ಪಲ್ಸ್ ಆಕ್ಸಿಮೀಟರ್ ಕೊಳ್ಳುವಾಗ ದುಡ್ಡು ಕೊಡುವ ಮೊದಲೇ ಅಂಗಡಿಯಲ್ಲಿ ಬ್ಯಾಟರಿ ಹಾಕಿಸಿ ನೋಡಿ. ಡಬ್ಬಿಯ ಮೇಲೆ ಪರವಾನಗಿ ಸಂಖ್ಯೆ ಮತ್ತು 'ನಿಖರತೆ ±2%' ಎಂಬ ವಿವರ ಇರಬೇಕು. ಪರದೆಯಲ್ಲಿ ನಾಡಿಯೊಂದಿಗೆ ಏರಿಳಿಯುವ ಅಲೆ ಅಥವಾ ಪಟ್ಟಿ ಕಾಣುವ ಮಾದರಿಯನ್ನೇ ಆರಿಸಿ. ಬೆರಳಿನಿಂದ ಸಾಧನಕ್ಕೆ ನಾಡಿ ಸರಿಯಾಗಿ ಸಿಗುತ್ತಿದೆಯೇ ಎಂಬುದು ಅದರಿಂದಲೇ ಗೊತ್ತಾಗುವುದು.

ಈ ಸಾಧನ ಕೆಂಪು ಮತ್ತು ಅವಕೆಂಪು ಬೆಳಕನ್ನು ಬೆರಳಿನ ಮೂಲಕ ಹಾಯಿಸಿ, ರಕ್ತ ಎಷ್ಟು ಹೀರಿಕೊಂಡಿತು ಎಂಬುದರಿಂದ ರಕ್ತದಲ್ಲಿ ಆಮ್ಲಜನಕ ಶೇಕಡಾ ಎಷ್ಟಿದೆ ಎಂದು ಲೆಕ್ಕ ಹಾಕುತ್ತದೆ. ಆದ್ದರಿಂದ ಕೈ ತಣ್ಣಗಿದ್ದರೆ, ಅಲುಗಾಡಿದರೆ, ಉಗುರಿಗೆ ಬಣ್ಣ ಅಥವಾ ಮೆಹಂದಿ ಇದ್ದರೆ ಅಂಕಿ ತಪ್ಪಬಹುದು. ಕಪ್ಪು ಮೈಬಣ್ಣದವರಲ್ಲಿ ನಿಜಕ್ಕಿಂತ ತುಸು ಹೆಚ್ಚು ತೋರಿಸುವುದೂ ಉಂಟು. ಇದನ್ನು ಮನೆಯವರೆಲ್ಲರೂ ತಿಳಿದಿರಲಿ.

ಪರೀಕ್ಷೆ ಸುಲಭ. ಐದು ನಿಮಿಷ ಸುಮ್ಮನೆ ಕೂತು, ಬೆರಳು ಸಿಕ್ಕಿಸಿ, ಅಂಕಿ ಸ್ಥಿರವಾಗುವವರೆಗೆ ಕಾಯಿರಿ. ಅದೇ ಹೊತ್ತಿಗೆ ಇನ್ನೊಬ್ಬರು ಮಣಿಕಟ್ಟಿನಲ್ಲಿ ಒಂದು ನಿಮಿಷ ನಾಡಿ ಎಣಿಸಲಿ. ಉದಾಹರಣೆಗೆ, ಪರದೆಯಲ್ಲಿ ಆಮ್ಲಜನಕ 91, ನಾಡಿ 58 ಎಂದಿದೆ. ಕೈಯಲ್ಲಿ ಎಣಿಸಿದಾಗ ನಾಡಿ 84. ನಾಡಿಯೇ ತಪ್ಪಿದ ಮೇಲೆ 91ನ್ನೂ ನಂಬುವಂತಿಲ್ಲ. ಅಂಗೈ ಉಜ್ಜಿ ಬೆಚ್ಚಗೆ ಮಾಡಿ, ಬೇರೆ ಬೆರಳಿಗೆ ಹಾಕಿ. ಈಗ ನಾಡಿ 85, ಆಮ್ಲಜನಕ 97 ಬಂದರೆ ಎರಡನೆಯದೇ ಸರಿ. ನಾಡಿ ತಾಳೆಯಾಗಿಯೂ ಆಮ್ಲಜನಕ 94ಕ್ಕಿಂತ ಕೆಳಗೇ ನಿಂತರೆ ವೈದ್ಯರಿಗೆ ಫೋನ್ ಮಾಡಿ, 90ಕ್ಕಿಂತ ಕೆಳಗಿಳಿದರೆ ಆಸ್ಪತ್ರೆಗೆ ಹೊರಡಿ. ಉಸಿರು ಕಟ್ಟುತ್ತಿದ್ದರೆ, ತುಟಿ ನೀಲಿಗಟ್ಟಿದರೆ ಅಂಕಿ ಎಷ್ಟೇ ಇರಲಿ, ಕಾಯಬೇಡಿ.

ಥರ್ಮಾಮೀಟರ್ ಡಿಜಿಟಲ್ ಇರಲಿ. ಪಾದರಸದ್ದು ಒಡೆದರೆ ಚೆಲ್ಲಿದ ಪಾದರಸವನ್ನು ಬಳಿಯುವುದೇ ಕಷ್ಟ. ಹಣೆಗೆ ಹಿಡಿಯುವ ಗನ್ ಬೆವರು, ಫ್ಯಾನ್ ಗಾಳಿಗೆ ಏಮಾರುತ್ತದೆ. ಕಂಕುಳನ್ನು ಒರೆಸಿ, ತುದಿಯನ್ನು ನಡುವೆ ಇಟ್ಟು ತೋಳು ಒತ್ತಿ ಹಿಡಿಯಿರಿ. ಅಲ್ಲಿ ಬಾಯಿಗಿಂತ ಸ್ವಲ್ಪ ಕಡಿಮೆ ಬರುತ್ತದೆ, ಹಾಗಾಗಿ ಪ್ರತಿ ಸಲವೂ ಒಂದೇ ಜಾಗದಲ್ಲಿ ನೋಡಿ. ಅನುಮಾನ ಬಂದರೆ ಇನ್ನೊಂದು ಡಿಜಿಟಲ್ ಥರ್ಮಾಮೀಟರ್ ತಂದು, ಮೈ ಬಿಸಿಯಷ್ಟೇ ಇರುವ ನೀರಿನ ಲೋಟದಲ್ಲಿ ಎರಡರ ತುದಿಯನ್ನೂ ಒಟ್ಟಿಗೆ ಅದ್ದಿ. ಅರ್ಧ ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಒಂದರಲ್ಲಿ ದೋಷವಿದೆ. ಮೊದಲು ಬ್ಯಾಟರಿ ಬದಲಿಸಿ ನೋಡಿ.

ಪ್ರಥಮ ಚಿಕಿತ್ಸೆಯ ಡಬ್ಬಿಗೆ ಗಾಜ್, ಬ್ಯಾಂಡೇಜ್, ಟೇಪ್, ಕತ್ತರಿ, ಪೊವಿಡೋನ್ ಅಯೋಡಿನ್, ಪ್ಯಾರಾಸಿಟಮಾಲ್, ಓಆರ್‌ಎಸ್ ಸಾಕು. ಔಷಧಿಯ ಮೇಲೆ ಎಕ್ಸ್‌ಪೈರಿ 05/2027 ಎಂದಿದ್ದರೆ ಆ ಮೇ ತಿಂಗಳ ಕೊನೆಯ ದಿನದವರೆಗೆ ಬಳಸಬಹುದು. ಆದರೆ ಅದು ಸೀಲ್ ಒಡೆಯದ, ತಂಪು ಜಾಗದಲ್ಲಿಟ್ಟ ಸರಕಿಗೆ ಮಾತ್ರ. ಗಾಜ್ ಪೊಟ್ಟಣ ಒದ್ದೆಯಾದರೆ, ಹರಿದರೆ, ದಿನಾಂಕ ಇನ್ನೂ ಇದ್ದರೂ ಅದು ಸ್ಟೆರೈಲ್ ಅಲ್ಲ. ಗಟ್ಟಿಯಾಗಿ ಅಂಟಿದ ಓಆರ್‌ಎಸ್ ಪುಡಿಯನ್ನೂ ಎಸೆಯಿರಿ.

ಓಆರ್‌ಎಸ್‌ನಲ್ಲಿ ದೊಡ್ಡ ಪೊಟ್ಟಣ ಒಂದು ಲೀಟರ್ ನೀರಿಗೆ, ಚಿಕ್ಕದು 200 ಮಿ.ಲೀ.ಗೆ. ದೊಡ್ಡದನ್ನು ಒಂದೇ ಲೋಟಕ್ಕೆ ಸುರಿದು ಕುಡಿಸಿದರೆ ಉಪ್ಪು ಅತಿಯಾಗಿ, ಭೇದಿಯಾದ ಮಗುವಿಗೆ ಅಪಾಯ. ಡಬ್ಬಿಯ ಮುಚ್ಚಳದ ಒಳಗೆ ಈ ಅಳತೆಯನ್ನೂ, ಎಲ್ಲಕ್ಕಿಂತ ಮೊದಲು ಅವಧಿ ಮುಗಿಯುವ ವಸ್ತುವಿನ ತಿಂಗಳನ್ನೂ ಬರೆದು ಅಂಟಿಸಿ.