ಎರಡು ದಿನದ ಕಾನ್ಫರೆನ್ಸ್‌ಗೆ ಕೊಟೇಶನ್ ಕೊಡುವಾಗ ಪ್ರತಿ ಊಟಕ್ಕೂ ಬೇರೆ ಲೆಕ್ಕ ಬರೆಯಿರಿ

ಕೇಟರಿಂಗ್ ಮಾಡುವವರಿಗೆ ಒಂದು ಮಾತು. ಕಂಪನಿಗೆ ಕೊಡುವ ಪತ್ರದಲ್ಲಿ "200 ಜನ, ಎರಡು ದಿನ" ಅಂತ ಸುಮ್ನೆ ಒಟ್ಟು ಮೊತ್ತ ಹಾಕಬೇಡಿ, ತಿಂಡಿ, ಊಟ, ಸಂಜೆ ಕಾಫಿ ಒಂದೊಂದಕ್ಕೂ ದರ ಮತ್ತು ಕನಿಷ್ಠ ತಟ್ಟೆ ಬೇರೆ ಬೇರೆ ಬರೆಯಿರಿ. ಎರಡನೇ ದಿನ ಬಸ್ಸು, ರೈಲು ಹಿಡಿಯುವವರು ಬೇಗ ಹೊರಡುತ್ತಾರೆ, ಅಲ್ವಾ? ಅಡುಗೆ ಮಿಗುತ್ತದೆ, ಬಿಲ್ ಕೊಡುವಾಗ ಜಗಳ ಶುರುವಾಗುತ್ತದೆ. ಸಾಲು ಹೀಗಿರಲಿ: "2ನೇ ದಿನ ಮಧ್ಯಾಹ್ನದ ಊಟ, ತಟ್ಟೆಗೆ ₹320, ಕನಿಷ್ಠ 150. ಕೊನೆಯ ಸಂಖ್ಯೆ 48 ಗಂಟೆ ಮೊದಲು ತಿಳಿಸಬೇಕು. 165ರವರೆಗೆ ಇದೇ ದರ." ಆಗ 130 ಜನ ಉಂಡರೂ ಬಿಲ್ 150ಕ್ಕೆ, ಅಂದರೆ ₹48,000. 162 ಜನ ಉಂಡರೆ 162ಕ್ಕೆ, ₹51,840. ಜಿಎಸ್‌ಟಿ ಸೇರಿದೆಯೋ ಬೇರೆಯೋ ಅನ್ನೋದನ್ನು ಅದೇ ಸಾಲಿನ ಕೆಳಗೆ ಬರೆಯಿರಿ. ಮೆನು ಆಯ್ಕೆ ಎರಡೇ ಸಾಕು: ಪೂರಿ-ಸಾಗು, ಬಿಸಿಬೇಳೆಬಾತ್, ಮೊಸರನ್ನದ್ದು ಒಂದು, ಚಪಾತಿ, ಪನೀರ್ ಪಲ್ಯ, ಪಲಾವ್, ಎರಡು ಸಿಹಿಯದ್ದು ಇನ್ನೊಂದು. ಒಂದು ಊಟಕ್ಕೆ ಎಲ್ಲರಿಗೂ ಒಂದೇ ಮೆನು ಅಂತ ಷರತ್ತು ಹಾಕಿ, ಅರ್ಧ ಜನಕ್ಕೆ ಅದು, ಅರ್ಧಕ್ಕೆ ಇದು ಅಂದರೆ ಖರ್ಚು ಜಾಸ್ತಿ. ತಟ್ಟೆ ಎಣಿಸಿ ಇಬ್ಬರೂ ಸಹಿ ಮಾಡದಿದ್ದರೆ ಈ ಲೆಕ್ಕ ನಿಲ್ಲುವುದಿಲ್ಲ, ಜನ ಬೇರೆ ತಟ್ಟೆ ತಗೊಂಡು ಮತ್ತೆ ಬರುವ ಬಫೆಯಲ್ಲಂತೂ ಕೂಪನ್ ಇಡಲೇಬೇಕು. ನಲವತ್ತು, ಐವತ್ತು ಜನರ ಕೂಟಕ್ಕೆ ಹೀಗೆ ಬೇರೆ ಬೇರೆ ಲೆಕ್ಕ ಬೇಡ. ಹತ್ತು ತಟ್ಟೆ ಕಡಿಮೆಯಾದರೂ ಅಡುಗೆಯವರ ಕೂಲಿ, ಗಾಡಿ ಬಾಡಿಗೆ ಅಷ್ಟೇ ಇರುತ್ತದೆ, ಅಲ್ಲಿ ಒಟ್ಟು ಮೊತ್ತವೇ ಸರಿ.