ಮಂಗಳವಾರ ಎಷ್ಟು ಬಾಕ್ಸ್ ಎಣ್ಣೆ ಬರೆಸಬೇಕು?

ಗದಗ-ಬೆಟಗೇರಿಯಲ್ಲಿ ನಮ್ಮ ಸೋದರಮಾವನ ಕಿರಾಣಿ ಅಂಗಡಿ ಇದೆ. ಒಂದು ಸೋಮವಾರ ಸಂಜೆ ನಾನು ಅಲ್ಲೇ ಕೂತಿದ್ದೆ. ಅರ್ಧ ಗಂಟೆಯಲ್ಲಿ ನಾಲ್ಕು ಮಂದಿ ಬಂದು "ಅಣ್ಣಾರ, ಎಣ್ಣಿ ಪಾಕೀಟ ಐತೇನ್ರೀ?" ಎಂದು ಕೇಳಿದರು. ನಾಲ್ವರಿಗೂ ಮಾವನದು ಒಂದೇ ಉತ್ತರ: "ಗುರುವಾರ ಬರತೈತ್ರಿ." ಒಗ್ಗರಣೆ ಹಾಕದೆ ಗುರುವಾರದವರೆಗೆ ಯಾರು ಕಾಯುತ್ತಾರೆ? ಪಕ್ಕದ ಓಣಿಯ ಅಂಗಡಿಗೆ ಹೋದರು. ಬೇಳೆ, ಸಕ್ಕರೆಯನ್ನೂ ಅಲ್ಲೇ ಕಟ್ಟಿಸಿಕೊಂಡಿರುತ್ತಾರೆ.

ಮಜಾ ಏನೆಂದರೆ, ಮಾವ ಅಂದಾಜಿನಲ್ಲಿ ಆರ್ಡರ್ ಕೊಡುವವರಲ್ಲ. ಅವರ ಹತ್ತಿರ ಲೆಕ್ಕ ಇತ್ತು. ಒಂದು ಲೀಟರಿನ ಸೂರ್ಯಕಾಂತಿ ಎಣ್ಣೆ ದಿನಕ್ಕೆ ಸುಮಾರು 7 ಪಾಕೀಟು ಹೋಗುತ್ತದೆ. ಆರ್ಡರ್ ಕೊಟ್ಟ ಮೇಲೆ ಮಾಲು ಬರಲು 3 ದಿನ ಅಂತಿಟ್ಟುಕೊಳ್ಳಿ. ಏಳು ಮೂರಲೇ 21. ಅದರ ಮೇಲೆ, ಹೆಚ್ಚುಕಡಿಮೆಯಾದರೆ ಇರಲಿ ಎಂದು ಇಡುವ ಸೇಫ್ಟಿ ಸ್ಟಾಕ್ 20. ಒಟ್ಟು 41. ಸ್ಟಾಕ್ 41ಕ್ಕೆ ಇಳಿದಾಗ ಆರ್ಡರ್ ಕೊಡಬೇಕು. ವ್ಯಾಪಾರದ ಪುಸ್ತಕಗಳಲ್ಲಿ ಇರುವ ಸೂತ್ರವೂ ಇದೇ.

ಹಿಂದಿನ ಮಂಗಳವಾರ ಏಜೆನ್ಸಿಯ ಸೇಲ್ಸ್‌ಮನ್ ಬಂದಾಗ ರ್‍ಯಾಕ್‌ನಲ್ಲಿ 45 ಇತ್ತು. 41ಕ್ಕಿಂತ ಜಾಸ್ತಿ ಇದೆ ಅಲ್ವಾ, ಈ ವಾರ ಬೇಡ ಎಂದರು. ದಿನಕ್ಕೆ 7ರಂತೆ 45 ಪಾಕೀಟು ಆರೂವರೆ ದಿನವೂ ಬರುವುದಿಲ್ಲ. ಸೋಮವಾರ ಸಂಜೆಗೆ ಖಾಲಿ. ಮರುದಿನ ಆರ್ಡರ್ ಕೊಟ್ಟು, ಮಾಲು ಬಂದದ್ದು ಗುರುವಾರ ರಾತ್ರಿ.

ಸೂತ್ರ ತಪ್ಪಲ್ಲ. ಯಾವ ದಿನ ಬೇಕಾದರೂ ಫೋನ್ ಮಾಡಿ ಮಾಲು ತರಿಸುವವರಿಗೆ ಅದು ಸರಿ. ಆದರೆ ನಮ್ಮ ಕಡೆಯ ಸಣ್ಣ ಅಂಗಡಿಗಳಿಗೆ ಸೇಲ್ಸ್‌ಮನ್ ಬರುವುದು ವಾರಕ್ಕೊಮ್ಮೆ. ಈ ಮಂಗಳವಾರ ಬಿಟ್ಟರೆ ಮುಂದಿನ ಮಂಗಳವಾರವೇ ಗತಿ. ಹಾಗಾಗಿ ಇವತ್ತು ಬರೆಸುವ ಮಾಲು 3 ದಿನಕ್ಕೆ ಸಾಕಾದರೆ ಆಗುವುದಿಲ್ಲ. ಮುಂದಿನ ಮಂಗಳವಾರ ಬರೆಸಿದ ಮಾಲು ಬಂದು ಇಳಿಯುವವರೆಗೆ ಅದು ತಡೆಯಬೇಕು. ಅಂದರೆ 7 ದಿನ, ಮೇಲೆ 3 ದಿನ, ಒಟ್ಟು 10 ದಿನ. ಈ 10 ಎಂಬುದೇ ಇಡೀ ಲೆಕ್ಕದ ಬೇರು. ಅದನ್ನು ಹಿಡಿದುಕೊಂಡು ಮಾವನ ವಹಿಯಿಂದಲೇ ಶುರು ಮಾಡೋಣ.

ವಹಿಯಿಂದ ನಿಜವಾದ ಮಾರಾಟ ತೆಗೆಯುವುದು

ಕಂಪ್ಯೂಟರ್ ಬಿಲ್ಲಿಂಗ್ ಇಲ್ಲದಿದ್ದರೂ ನಡೆಯುತ್ತದೆ. ಪ್ರತಿ ಮಂಗಳವಾರ ಬೆಳಿಗ್ಗೆ ಪಾಕೀಟು ಎಣಿಸಿ ಬರೆಯಿರಿ. ಹೋದ ವಾರದ ಎಣಿಕೆಗೆ ನಡುವೆ ಬಂದ ಮಾಲನ್ನು ಕೂಡಿಸಿ, ಇವತ್ತಿನ ಎಣಿಕೆಯನ್ನು ಕಳೆದರೆ ವಾರದ ಮಾರಾಟ ಸಿಕ್ಕಿತು. ಸೋರಿದ ಪಾಕೀಟನ್ನು, ಮನೆಗೆ ಒಯ್ದದ್ದನ್ನು ಬೇರೆ ಬರೆಯಿರಿ.

ಮಾವನ ಎಂಟು ವಾರ ಹೀಗಿತ್ತು: 46, 52, 45, 28, 57, 88, 49, 46.

ಇದನ್ನು ಸೀದಾ ಕೂಡಿಸಿ ಎಂಟರಿಂದ ಭಾಗಿಸಬೇಡಿ. ಎರಡು ಅಂಕಿಗಳು ಸುಳ್ಳು ಹೇಳುತ್ತಿವೆ. 28 ಎಂದರೆ ಗಿರಾಕಿ ಕಡಿಮೆಯಾದ ವಾರವಲ್ಲ, ಮಾಲೇ ಇಲ್ಲದ ವಾರ. ಮೇಲೆ ಹೇಳಿದ ಸೋಮವಾರದ ಮರುದಿನದಿಂದ ಮೂರು ದಿನ ರ್‍ಯಾಕ್ ಖಾಲಿ ಇತ್ತು. ಉಳಿದ ನಾಲ್ಕೇ ದಿನದಲ್ಲಿ 28 ಮಾರಿದೆ, ಅಂದರೆ ದಿನಕ್ಕೆ 7. ಪೂರ್ತಿ ವಾರ ಮಾಲಿದ್ದಿದ್ದರೆ 49 ಹೋಗುತ್ತಿತ್ತು. ಖಾಲಿಯಾದ ವಾರದ ಅಂಕಿಯನ್ನು ಹಾಗೇ ಬಿಟ್ಟರೆ ಲೆಕ್ಕ ನಿಮಗೆ ಇನ್ನೂ ಕಡಿಮೆ ತರಿಸು ಎನ್ನುತ್ತದೆ. ಕಡಿಮೆ ತರಿಸಿದರೆ ಮತ್ತೆ ಖಾಲಿ. ಅದಕ್ಕೇ ಮಾಲು ಮುಗಿದ ದಿನ ವಹಿಯ ಬದಿಯಲ್ಲಿ ಒಂದು ಸೊನ್ನೆ ಹಾಕಿಡಿ. ಇಷ್ಟು ಸಣ್ಣ ಕೆಲಸವನ್ನು ಯಾರೂ ಮಾಡುವುದಿಲ್ಲ.

ಇನ್ನು 88. ಆ ವಾರ ಒಬ್ಬರು ಮಗಳ ಲಗ್ನಕ್ಕೆಂದು ಒಮ್ಮೆಗೇ 40 ಪಾಕೀಟು ಒಯ್ದಿದ್ದರು. ಇಂಥವರು ಮೊದಲೇ ಹೇಳುತ್ತಾರೆ, ಅವರಿಗೆ ಬೇರೆಯೇ ತರಿಸಬಹುದು. ಅದನ್ನು ತೆಗೆದರೆ 48. ಸರಿಪಡಿಸಿದ ಸಾಲು 46, 52, 45, 49, 57, 48, 49, 46. ಮೊತ್ತ 392, ಸರಾಸರಿ ವಾರಕ್ಕೆ 49, ದಿನಕ್ಕೆ 7.

ಸರಿಪಡಿಸದ ಸಾಲಿನ ಸರಾಸರಿ 51. ಬಹಳ ವ್ಯತ್ಯಾಸ ಇಲ್ಲವಲ್ಲ ಎನ್ನಬಹುದು. ಇಲ್ಲಿ ಒಂದು ತಪ್ಪು ಇನ್ನೊಂದನ್ನು ಮುಚ್ಚಿಹಾಕಿದೆ ಅಷ್ಟೇ. ಮುಂದೆ ಸೇಫ್ಟಿ ಸ್ಟಾಕ್‌ಗೆ ಬಂದಾಗ 88 ಇದೆಯೋ 57 ಇದೆಯೋ ಎನ್ನುವುದರ ಮೇಲೆಯೇ ಎಲ್ಲ ನಿಂತಿದೆ.

ಹಬ್ಬದ ವಾರಗಳನ್ನು ಈ ಎಂಟರೊಳಗೆ ಸೇರಿಸಬೇಡಿ. ಪಂಚಮಿಗೆ ಉಂಡಿ, ಚಕ್ಕುಲಿ ಅಂತ ಮನೆಮನೆಯಲ್ಲಿ ಬಾಣಲೆ ಏರುವ ಊರು ನಮ್ಮದು. ಅದಕ್ಕೆ ಹೋದ ವರ್ಷದ ಪಂಚಮಿ ನೋಡಬೇಕು, ಹೋದ ವರ್ಷದ ಅದೇ ತಾರೀಕನ್ನಲ್ಲ. 2024ರಲ್ಲಿ ನಾಗರ ಪಂಚಮಿ ಆಗಸ್ಟ್ 9ಕ್ಕೆ ಬಂದಿತ್ತು, 2025ರಲ್ಲಿ ಜುಲೈ 29ಕ್ಕೇ ಬಂತು. ಆಗಸ್ಟ್‌ಗೆ ಆಗಸ್ಟ್ ಹೋಲಿಸಿದವರ ಮಾಲು ಹಬ್ಬ ಮುಗಿದ ಮೇಲೆ ಬಂದಿರುತ್ತದೆ.

ಮಾಲು ಬರಲು ಎಷ್ಟು ದಿನ?

ಕೇಳಿದರೆ ಸೇಲ್ಸ್‌ಮನ್ "ನಾಡಿದ್ದು ಬರತೈತ್ರಿ" ಎನ್ನುತ್ತಾರೆ. ಅದನ್ನು ನಂಬುವ ಬದಲು ಹಳೆಯ ಎಂಟು ಆರ್ಡರ್ ತೆಗೆದು ನೋಡಿ. ಬಿಲ್ ಮೇಲಿನ ತಾರೀಕು ನೋಡಿದರೆ ಮೋಸ ಹೋಗುತ್ತೀರಿ. ಬಿಲ್ ಸಾಮಾನ್ಯವಾಗಿ ಗಾಡಿ ಹೊರಡುವ ಹೊತ್ತಿಗೆ ಆಗುತ್ತದೆ, ಆರ್ಡರ್ ಬರೆಸಿದ ದಿನ ಅಲ್ಲ. ಬಿಲ್ ಪ್ರಕಾರ ಎಲ್ಲವೂ ಅದೇ ದಿನ ಬಂದಂತೆ ಕಾಣುತ್ತದೆ. ಬರೆಸಿದ ದಿನವನ್ನು ನೀವೇ ಗುರುತು ಹಾಕಿಕೊಳ್ಳಬೇಕು.

ಮಾವನಿಗೆ ಮಾಲು ಬರಲು ಹಿಡಿದ ದಿನಗಳು: 2, 2, 3, 2, 2, 5, 2, 3. ಸರಾಸರಿ ಎರಡೂವರೆಗಿಂತ ತುಸು ಜಾಸ್ತಿ, 3 ಎಂದು ಹಿಡಿಯೋಣ. ತೀರಾ ತಡವಾದದ್ದು 5. ಗಾಡಿ ಕೆಟ್ಟಿದೆ ಎಂದಿದ್ದರಂತೆ.

ಸೇಫ್ಟಿ ಸ್ಟಾಕ್

ಎರಡು ಕಾರಣಕ್ಕೆ ಲೆಕ್ಕ ಕೈಕೊಡಬಹುದು: ಮಾಲು ತಡವಾಗಬಹುದು, ಇಲ್ಲವೇ ಗಿರಾಕಿ ಜಾಸ್ತಿಯಾಗಬಹುದು. ಬೇರೆ ಬೇರೆಯಾಗಿ ನೋಡೋಣ. 3 ದಿನಕ್ಕೆ ಬರಬೇಕಾದದ್ದು 5 ದಿನವಾದರೆ ಎರಡು ದಿನದ ಕೊರತೆ, ಅಂದರೆ 14 ಪಾಕೀಟು. ಭರ್ಜರಿ ವಾರದಲ್ಲಿ 49ರ ಬದಲು 57 ಹೋಗಿದೆ, ವಾರಕ್ಕೆ 8 ಹೆಚ್ಚು, ಹತ್ತು ದಿನಕ್ಕೆ ಸುಮಾರು 11.

ಎರಡನ್ನೂ ಕೂಡಿಸಿ 25 ಇಟ್ಟುಕೊಳ್ಳಬಹುದು. ಆದರೆ ಗಾಡಿ ಕೆಡುವುದೂ ಗಿರಾಕಿ ಮುಗಿಬೀಳುವುದೂ ಒಂದೇ ವಾರ ಬರುವುದು ಅಪರೂಪ. ನಾನು ದೊಡ್ಡದನ್ನು ಪೂರ್ತಿ, ಚಿಕ್ಕದನ್ನು ಅರ್ಧ ಹಿಡಿಯುತ್ತೇನೆ. 14ಕ್ಕೆ ಐದೂವರೆ ಸೇರಿಸಿ, 20 ಎಂದಿಟ್ಟುಕೊಂಡೆ. ಮಾವನ ಹಳೆಯ 20 ಅಂದಾಜಿನದು, ಹೇಗೋ ಸರಿಯಾಗಿತ್ತು. ಇಲ್ಲಿ 88ನ್ನೇ ಬಿಟ್ಟುಕೊಂಡಿದ್ದರೆ ಗಿರಾಕಿ ಕಡೆಯ ಲೆಕ್ಕವೊಂದೇ 50 ದಾಟುತ್ತಿತ್ತು. ಯಾರದೋ ಲಗ್ನದ ಎಣ್ಣೆಗೆ ವರ್ಷವಿಡೀ ದುಡ್ಡು ಹಾಕಿ ಕೂತಂತೆ.

ಹಾಲು, ಬ್ರೆಡ್‌ಗೆ ಇದನ್ನು ಹಚ್ಚಬೇಡಿ. ಉಳಿದದ್ದು ಎರಡೇ ದಿನದಲ್ಲಿ ಕೆಡುವ ಮಾಲಿನ ಲೆಕ್ಕವೇ ಬೇರೆ. ತಿಂಗಳಿಗೆ ಒಂದೋ ಎರಡೋ ಹೋಗುವ ಸಾಮಾನಿಗೂ ಬೇಕಿಲ್ಲ, ಒಂದು ಮಾರಿದರೆ ಒಂದು ತರಿಸಿ. ದಿನಾ ಓಡುವ ಇಪ್ಪತ್ತು ಇಪ್ಪತ್ತೈದು ಸಾಮಾನಿಗೆ ಮಾಡಿದರೆ ಸಾಕು.

ಮಂಗಳವಾರದ ಆರ್ಡರ್

ಹತ್ತು ದಿನಕ್ಕೆ 70, ಮೇಲೆ 20. ಒಟ್ಟು 90. ಈ ಅಂಕಿಯನ್ನು ಮಾವ ಎಣ್ಣೆ ರ್‍ಯಾಕ್ ಮೇಲೆ ಚಾಕ್‌ಪೀಸಿನಲ್ಲಿ ಬರೆದಿದ್ದಾರೆ. ಪ್ರತಿ ಮಂಗಳವಾರ ಮಾಡಬೇಕಾದದ್ದು ಒಂದು ಕಳೆಯುವ ಲೆಕ್ಕ:

```
ಆರ್ಡರ್ = 90 − ಕೈಯಲ್ಲಿರುವುದು − ಬರಬೇಕಿರುವುದು
```

ಒಂದು ಮಂಗಳವಾರ ಕೈಯಲ್ಲಿ 34 ಇತ್ತು, ಬರಬೇಕಾದದ್ದು ಏನೂ ಇರಲಿಲ್ಲ. 90ರಲ್ಲಿ 34 ಕಳೆದರೆ 56. ಈ ಎಣ್ಣೆಯ ಬಾಕ್ಸ್‌ಗೆ 12 ಪಾಕೀಟು. ನಾಲ್ಕು ಬಾಕ್ಸ್ ಎಂದರೆ 48, ಎಂಟು ಕಡಿಮೆ. ಐದು ಎಂದರೆ 60, ನಾಲ್ಕು ಜಾಸ್ತಿ. ಐದು ಬರೆಸಿದರು.

"ಬರಬೇಕಿರುವುದು" ಎಂಬುದನ್ನು ಮರೆಯುವುದು ಬಹಳ ಮಾಮೂಲು. ಆ ಐದು ಬಾಕ್ಸ್ ತಡವಾಗಿ ಮುಂದಿನ ಮಂಗಳವಾರವೂ ಬಂದಿಲ್ಲ, ರ್‍ಯಾಕ್‌ನಲ್ಲಿ ಒಂದೂ ಉಳಿದಿಲ್ಲ ಎನ್ನಿ. ಗಾಬರಿಯಲ್ಲಿ ಪೂರ್ತಿ 90ಕ್ಕೆಂದು ಎಂಟು ಬಾಕ್ಸ್ ಬರೆಸಿಬಿಡುತ್ತಾರೆ. ಬುಧವಾರ ಹಳೆಯ ಐದು, ಶುಕ್ರವಾರ ಹೊಸ ಎಂಟು ಬಂದು ಇಳಿಯುತ್ತವೆ. ಸರಿಯಾದ ಲೆಕ್ಕದಲ್ಲಿ 90ರಿಂದ ಬರಬೇಕಿರುವ 60 ಹೋದರೆ 30. ಮೂರು ಬಾಕ್ಸ್ ಸಾಕು.

ಇನ್ನೊಂದು ಎಳೆತ ಸ್ಕೀಮಿನದು. "ಸಾವ್ಕಾರ್ರ, ಹತ್ತ ಬಾಕ್ಸಿಗೆ ಒಂದ ಫ್ರೀ ಐತ್ರಿ, ಈ ವಾರ ಅಷ್ಟ." ಎಣ್ಣೆಯಲ್ಲಿ ಸಿಗುವ ತೆಳು ಲಾಭಕ್ಕೆ ಹೋಲಿಸಿದರೆ ಇದು ಸಣ್ಣದಲ್ಲ, ಸುಮ್ನೆ ಬೇಡ ಎನ್ನಲಾಗದು. ಆದರೆ ಹನ್ನೊಂದು ಬಾಕ್ಸ್ ಎಂದರೆ 132 ಪಾಕೀಟು, ಮಾರಲು 19 ದಿನ ಬೇಕು. ಏಜೆನ್ಸಿಯ ಉದ್ರಿ ಏಳೇ ದಿನದ್ದಾದರೆ ಉಳಿದ ದುಡ್ಡು ನಿಮ್ಮ ಗಲ್ಲಾದಿಂದ ಹೋಗಬೇಕು. ಅದರ ಜೊತೆಗೆ ಎಣ್ಣೆ ದರ ನಿಂತಲ್ಲಿ ನಿಲ್ಲುವುದಿಲ್ಲ. 2025ರ ಮೇ ಕೊನೆಯಲ್ಲಿ ಕೇಂದ್ರ ಸರ್ಕಾರ ಕಚ್ಚಾ ಸೂರ್ಯಕಾಂತಿ ಎಣ್ಣೆಯ ಮೂಲ ಆಮದು ಸುಂಕವನ್ನು ಶೇ 20ರಿಂದ ಶೇ 10ಕ್ಕೆ ಇಳಿಸಿತು. ಅಂಥ ಹೊತ್ತಿನಲ್ಲಿ ಹಳೆಯ ದರದ ಮಾಲು ತುಂಬಿಕೊಂಡವರಿಗೆ ಫ್ರೀ ಬಾಕ್ಸ್ ಫ್ರೀ ಆಗಿ ಉಳಿಯುವುದಿಲ್ಲ. ಸ್ಕೀಮ್ ತೆಗೆದುಕೊಂಡರೂ 90ರ ಲೆಕ್ಕ ಬಿಡಬೇಡಿ. ಕೈಯಲ್ಲಿ 34 ಇದ್ದಾಗ 132 ಬಂತು ಎಂದರೆ 166. ಮುಂದಿನ ಮಂಗಳವಾರ 117 ಉಳಿದಿರುತ್ತದೆ, ಆರ್ಡರ್ ಬೇಡ. ಅದರಾಚೆಯ ಮಂಗಳವಾರ 68, ಆಗ ಎರಡು ಬಾಕ್ಸ್.

ಗುರುವಾರದ ಎಣಿಕೆ

90 ಸರಿ ಇದೆಯೋ ಇಲ್ಲವೋ ಎಂದು ತಿಳಿಯಲು ಮಂಗಳವಾರದ ಎಣಿಕೆ ಸಾಲದು. ಹೊಸ ಮಾಲು ಇಳಿಯುವ ಮುಂಚೆ ರ್‍ಯಾಕ್‌ನಲ್ಲಿ ಎಷ್ಟಿತ್ತು ಎಂದು ಬರೆದಿಡಿ. ವಾರದಲ್ಲಿ ಸ್ಟಾಕ್ ತೀರಾ ತಳಕ್ಕೆ ಇಳಿಯುವುದು ಆಗಲೇ. ಲೆಕ್ಕ ಸರಿಯಿದ್ದರೆ ಆ ಅಂಕಿ ಸೇಫ್ಟಿ ಸ್ಟಾಕ್‌ನ ಆಸುಪಾಸು, ಅಂದರೆ 20ರ ಹಿಂದೆ ಮುಂದೆ ಆಡುತ್ತದೆ. ಸತತವಾಗಿ 35, 40 ಬರುತ್ತಿದ್ದರೆ ಮಾರಾಟ ಇಳಿದಿದೆ, ಸರಾಸರಿಯನ್ನು ಹೊಸದಾಗಿ ತೆಗೆಯಿರಿ. ಎರಡು ತಿಂಗಳಲ್ಲಿ ಎರಡು ಸಲ ಸೊನ್ನೆ ಮುಟ್ಟಿದರೆ ಮೊದಲು ಮಾಲು ಬಂದ ದಿನಗಳನ್ನು ನೋಡಿ. ಏಜೆನ್ಸಿಯವರು ಎರಡರಿಂದ ನಾಲ್ಕು ದಿನಕ್ಕೆ ಜಾರಿದ್ದಾರೆ, ನಿಮ್ಮ ಹತ್ತು ಇನ್ನೂ ಹತ್ತೇ ಆಗಿದೆ ಎಂದಿರಬಹುದು.

ಮಾವನ ವಹಿಯಲ್ಲಿ ಕಳೆದ ಐದು ಸಲದ ಎಣಿಕೆ 22, 19, 24, 9, 17 ಇದೆ. 9ರ ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ "ಶನಿವಾರ ಬಂತು" ಎಂದು ಬರೆದಿದ್ದಾರೆ.